ಮಂಗಳೂರು–ಮುಂಬಯಿ ವಿಮಾನ ಹತ್ತದಿದ್ದುದಕ್ಕೆ ಫ್ರಾಂಕ್‌ಫರ್ಟ್ ಟಿಕೆಟ್ಟೇ ಏಕೆ ಹೋಯಿತು?

ಕುಂದಾಪುರದ ನಿವೃತ್ತ ಮೇಷ್ಟ್ರು

ಎಲ್ಲರಿಗೂ ನಮಸ್ಕಾರ. ಫ್ರಾಂಕ್‌ಫರ್ಟ್‌ನಲ್ಲಿರುವ ಮಗಳ ಮನೆಗೆ ಹೋಗಿಬರಲೆಂದು ನನಗೂ ನನ್ನ ಹೆಂಡತಿಗೂ ಎರಡು ತಿಂಗಳ ಹಿಂದೆಯೇ ಟಿಕೆಟ್ ಮಾಡಿಸಿದ್ದೆವು. ಮಂಗಳೂರಿನಿಂದ ಮುಂಬಯಿ, ಮುಂಬಯಿಯಿಂದ ಫ್ರಾಂಕ್‌ಫರ್ಟ್, ಆರು ವಾರಗಳ ಬಳಿಕ ಅದೇ ದಾರಿಯಲ್ಲಿ ವಾಪಸು. ಹೀಗೆ ನಾಲ್ಕು ವಿಮಾನಗಳಿದ್ದ ಒಂದೇ ಟಿಕೆಟ್, ತಲಾ 68,400 ರೂಪಾಯಿ. ಅಷ್ಟರಲ್ಲಿ ಡೊಂಬಿವಿಲಿಯಲ್ಲಿರುವ ಭಾವನ ಮೊಮ್ಮಗನ ಉಪನಯನವು ಪ್ರಯಾಣಕ್ಕೆ ಮೂರು ದಿನ ಮುಂಚೆ ನಿಗದಿಯಾಯಿತು. ಹೇಗೂ ಮುಂಬಯಿಗೆ ಹೋಗಲೇಬೇಕಲ್ಲ ಎಂದು ನಾವು ಕುಂದಾಪುರದಲ್ಲಿ ಮತ್ಸ್ಯಗಂಧ ರೈಲು ಹತ್ತಿ ಹೋಗಿ, ಉಪನಯನ ಮುಗಿಸಿಕೊಂಡು, ಪ್ರಯಾಣದ ದಿನ ರಾತ್ರಿ ಹತ್ತು ಗಂಟೆಗೆ ನೇರವಾಗಿ ಮುಂಬಯಿ ವಿಮಾನ ನಿಲ್ದಾಣಕ್ಕೆ ಹೋದೆವು. ಕೌಂಟರಿನ ಹುಡುಗಿ ಪಾಸ್‌ಪೋರ್ಟ್ ನೋಡಿ, ಪರದೆ ನೋಡಿ, ಮತ್ತೊಬ್ಬರನ್ನು ಕರೆದು ತೋರಿಸಿ, ಕೊನೆಗೆ "ನೀವು ಸಂಜೆಯ ಮಂಗಳೂರು ವಿಮಾನಕ್ಕೆ ಬಂದಿಲ್ಲ, ಹಾಗಾಗಿ ಮುಂದಿನ ಮೂರೂ ವಿಮಾನಗಳು ರದ್ದಾಗಿವೆ" ಎಂದಳು. ವಿಮಾನದಲ್ಲಿ ಜಾಗ ಇತ್ತು, ಅದೂ ಅವಳೇ ಹೇಳಿದ್ದು. ಮಗಳು ಅಲ್ಲಿ ದಾರಿ ಕಾಯುತ್ತಿದ್ದಳು. ಬೇರೆ ದಾರಿ ಕಾಣದೆ ಅದೇ ವಿಮಾನಕ್ಕೆ ತಲಾ 41,000 ರೂಪಾಯಿ ಕೊಟ್ಟು ಹೊಸ ಟಿಕೆಟ್ ಪಡೆದು ಬಂದೆವು.

ನಾವು ಯಾರಿಗೂ ಮೋಸ ಮಾಡಲಿಲ್ಲ, ಹಣ ಪೂರ್ತಿ ಕೊಟ್ಟಿದ್ದೇವೆ, ಒಂದು ವಿಮಾನವನ್ನು ಬಳಸದೆ ಬಿಟ್ಟದ್ದರಿಂದ ಕಂಪನಿಗೆ ಎರಡು ಸೀಟುಗಳ ಲಾಭವೇ ಆಯಿತಲ್ಲವೇ? ಉಡುಪಿಯಿಂದ ಮಂಗಳೂರಿಗೆ ಟಿಕೆಟ್ ಪಡೆದವನು ಮೂಲ್ಕಿಯಲ್ಲಿ ಬಸ್ಸು ಹತ್ತಿದರೆ ಯಾವ ಕಂಡಕ್ಟರೂ ಇಳಿಸುವುದಿಲ್ಲ. ಇದರ ಹಿಂದಿನ ಕಾರಣವನ್ನು ತಿಳಿದವರು ವಿವರಿಸಬೇಕು. ವಾಪಸು ಪ್ರಯಾಣವನ್ನಾದರೂ ಉಳಿಸಿಕೊಳ್ಳಲು ದಾರಿಯಿದ್ದರೆ ದಯವಿಟ್ಟು ತಿಳಿಸಿ.

ಸುರತ್ಕಲ್ ಹುಡುಗ

ಸರ್, ಇದು ಶುದ್ಧ ಹಗಲು ದರೋಡೆ. ನಿಮ್ಮ ಸೀಟನ್ನು ಎರಡನೆಯ ಬಾರಿ ಮಾರಿಕೊಳ್ಳುವುದಕ್ಕಾಗಿಯೇ ಈ ನಿಯಮವನ್ನು ಇಟ್ಟುಕೊಂಡಿದ್ದಾರೆ, ಬೇರೆ ಯಾವ ಕಾರಣವೂ ಇಲ್ಲ. ನೀವು ಹಿಂದಿನ ದಿನ ಮೊಬೈಲಿನಲ್ಲಿಯೇ ವೆಬ್ ಚೆಕ್-ಇನ್ ಮಾಡಿ ಬೋರ್ಡಿಂಗ್ ಪಾಸ್ ಇಳಿಸಿಕೊಂಡಿದ್ದರೆ ಮಂಗಳೂರು ವಿಮಾನಕ್ಕೆ ನೀವು ಬಂದಿದ್ದೀರಿ ಎಂದೇ ದಾಖಲಾಗುತ್ತಿತ್ತು, ಮುಂದಿನ ವಿಮಾನಕ್ಕೆ ತೊಂದರೆಯೇ ಇರುತ್ತಿರಲಿಲ್ಲ.

ಹಂಪನಕಟ್ಟೆ ಟಿಕೆಟ್ ಮೇಜು

ಮೇಷ್ಟ್ರೇ, ನಿಮಗಾದ ನಷ್ಟ ಓದಿ ಬೇಸರವಾಯಿತು. ನಾನು ಇಪ್ಪತ್ತಾರು ವರ್ಷ ಮಂಗಳೂರಿನ ಒಂದು ಟ್ರಾವೆಲ್ ಏಜೆನ್ಸಿಯಲ್ಲಿ ಟಿಕೆಟ್ ಬರೆಯುವ ಕೆಲಸ ಮಾಡಿದವನು. ಈ ಪ್ರಶ್ನೆಯನ್ನು ಹೊತ್ತುಕೊಂಡು ವರ್ಷಕ್ಕೆ ಐದಾರು ಮಂದಿಯಾದರೂ ನನ್ನ ಮೇಜಿನ ಮುಂದೆ ಬಂದು ಕುಳಿತಿದ್ದಾರೆ, ಅವರಲ್ಲಿ ಹೆಚ್ಚಿನವರು ನಿಮ್ಮ ಹಾಗೆಯೇ ರೈಲಿನಲ್ಲಿ ಮುಂಬಯಿಗೆ ಹೋದವರು.

ಮೊದಲಿಗೆ ಸುರತ್ಕಲ್‌ನ ತಮ್ಮನ ಮಾತಿಗೆ ಉತ್ತರಿಸುತ್ತೇನೆ, ಏಕೆಂದರೆ ಆ ಸಲಹೆಯನ್ನು ನಂಬಿ ಇನ್ನೊಬ್ಬರು ಹಣ ಕಳೆದುಕೊಳ್ಳಬಾರದು. ವೆಬ್ ಚೆಕ್-ಇನ್ ಎಂದರೆ ಬರುತ್ತೇನೆ ಎಂದು ಹೇಳಿದ ಹಾಗೆ, ಬಂದ ಹಾಗಲ್ಲ. ಗೇಟಿನಲ್ಲಿ ಬೋರ್ಡಿಂಗ್ ಪಾಸ್ ಸ್ಕ್ಯಾನ್ ಆದಾಗ ಮಾತ್ರ ನೀವು ವಿಮಾನ ಹತ್ತಿದಿರಿ ಎಂದು ದಾಖಲಾಗುತ್ತದೆ. ಗೇಟು ಮುಚ್ಚುವ ಹೊತ್ತಿಗೆ ಚೆಕ್-ಇನ್ ಆಗಿಯೂ ಹತ್ತದೆ ಉಳಿದವರ ಹೆಸರನ್ನು ಸಿಬ್ಬಂದಿ ಪಟ್ಟಿಯಿಂದ ಇಳಿಸುತ್ತಾರೆ. ವಿಮಾನ ಹೊರಟ ಬಳಿಕ ಯಾರು ಹತ್ತಿದರು, ಯಾರು ಹತ್ತಲಿಲ್ಲ ಎಂಬ ಅಂತಿಮ ಲೆಕ್ಕ ನಿಲ್ದಾಣದ ವ್ಯವಸ್ಥೆಯಿಂದ ಬುಕಿಂಗ್ ವ್ಯವಸ್ಥೆಗೆ ಹೋಗುತ್ತದೆ. ಹತ್ತದವರ ಹೆಸರಿನ ಮುಂದೆ NO SHOW ಎಂದು ಬಿದ್ದ ಮೇಲೆ ಅದೇ ಬುಕಿಂಗ್‌ನ ಮುಂದಿನ ಸೀಟುಗಳು ತಾವಾಗಿಯೇ ಬಿಡುಗಡೆಯಾಗುತ್ತವೆ. ಇದನ್ನು ಯಾರೋ ಒಬ್ಬರು ಕುಳಿತು ಸಿಟ್ಟಿನಿಂದ ಮಾಡುವುದಲ್ಲ, ಯಂತ್ರವೇ ಮಾಡುತ್ತದೆ. ಸಂಜೆಯ ವಿಮಾನ ತಪ್ಪಿಸಿದವರು ರಾತ್ರಿ ಹತ್ತಕ್ಕೆ ಕೌಂಟರಿಗೆ ಹೋಗುವಷ್ಟರಲ್ಲಿ ಎಲ್ಲವೂ ಮುಗಿದಿರುತ್ತದೆ.

ಇನ್ನು ಟಿಕೆಟ್ ಎಂದರೇನು ಎಂಬುದು. 2008ರ ಮಧ್ಯದವರೆಗೂ ಕಾಗದದ ಟಿಕೆಟ್ ಇತ್ತು. ಸಣ್ಣ ಪುಸ್ತಕದಂತಹ ಅದರಲ್ಲಿ ಒಂದೊಂದು ವಿಮಾನಕ್ಕೆ ಒಂದೊಂದು ಹಾಳೆ, ಅದಕ್ಕೆ ಕೂಪನ್ ಎನ್ನುತ್ತಿದ್ದೆವು. ಕೌಂಟರಿನಲ್ಲಿ ಮೊದಲ ಕೂಪನ್ ಹರಿದುಕೊಂಡು ಉಳಿದದ್ದನ್ನು ಕೈಗೆ ಕೊಡುತ್ತಿದ್ದರು. ಮೊದಲ ಕೂಪನ್ ಹರಿಯದೆ ಹಾಗೆಯೇ ಇರುವ ಪುಸ್ತಕವನ್ನು ಎರಡನೆಯ ವಿಮಾನಕ್ಕೆ ತಂದರೆ ಆಗಲೂ ಒಪ್ಪಿಕೊಳ್ಳುತ್ತಿರಲಿಲ್ಲ. ಈಗ ಕಾಗದ ಹೋಗಿದೆ, ಕೂಪನ್ ಉಳಿದಿದೆ. ನಿಮ್ಮ ಹದಿಮೂರು ಅಂಕಿಯ ಟಿಕೆಟ್ ಸಂಖ್ಯೆಯ ಅಡಿಯಲ್ಲಿ ನಾಲ್ಕು ಕೂಪನ್‌ಗಳಿವೆ, ಅವನ್ನು ಬರೆದಿರುವ ಕ್ರಮದಲ್ಲಿಯೇ ಬಳಸತಕ್ಕದ್ದು ಎಂಬ ಷರತ್ತಿಗೆ ನೀವು ಹಣ ಕೊಡುವಾಗಲೇ ಒಪ್ಪಿರುತ್ತೀರಿ. ಓದಿರುವುದಿಲ್ಲ, ಅದು ಬೇರೆ ಮಾತು. ನಾನೂ ಕೆಲಸಕ್ಕೆ ಸೇರಿದ ಮೇಲೆಯೇ ಓದಿದ್ದು.

ಕುಂದಾಪುರದ ನಿವೃತ್ತ ಮೇಷ್ಟ್ರು

ವಿವರವಾಗಿ ಬರೆದುದಕ್ಕೆ ಕೃತಜ್ಞತೆಗಳು. ಆದರೆ ನೀವು ಹೇಳಿದ್ದು ಹೇಗೆ ರದ್ದಾಗುತ್ತದೆ ಎಂಬುದನ್ನು. ಏಕೆ ಎಂಬುದು ನನಗೆ ಇನ್ನೂ ತಿಳಿಯಲಿಲ್ಲ. ರೈಲಿನಲ್ಲಿ ಹತ್ತುವ ನಿಲ್ದಾಣವನ್ನು ಬದಲಾಯಿಸಿಕೊಳ್ಳಲು ರೈಲ್ವೆಯವರೇ ಅವಕಾಶ ಕೊಡುತ್ತಾರೆ, ಅದಕ್ಕೆ ಒಂದು ರೂಪಾಯಿಯನ್ನೂ ಕೇಳುವುದಿಲ್ಲ. ವಿಮಾನದವರಿಗೆ ಇದರಿಂದ ಆಗುವ ನಷ್ಟವಾದರೂ ಏನು?

ಬಜ್ಪೆ ಪಕ್ಕದ ಮನೆ

ನನಗೂ ಕಳೆದ ಮಳೆಗಾಲದಲ್ಲಿ ಇದೇ ಅನುಭವವಾಗಿದೆ. ಮಂಜು ಕವಿದು ನಮ್ಮನ್ನು ಕರೆದೊಯ್ಯಬೇಕಿದ್ದ ವಿಮಾನ ಬಜ್ಪೆಯಲ್ಲಿ ಇಳಿಯಲಾಗದೆ ಬೆಂಗಳೂರಿಗೆ ಹೋಯಿತು, ನಮ್ಮ ಮುಂಬಯಿ ಪ್ರಯಾಣ ರದ್ದಾಯಿತು, ಮುಂದಿನ ವಿಮಾನವೂ ತಪ್ಪಿತು. ಆದರೆ ಅವರು ಮರುದಿನ ಬೇರೆ ವಿಮಾನ ಕೊಟ್ಟರು, ಹಣ ಕೇಳಲಿಲ್ಲ. ನೀವು ಗಟ್ಟಿಯಾಗಿ ಕೇಳಬೇಕಿತ್ತು ಸರ್.

ಹಂಪನಕಟ್ಟೆ ಟಿಕೆಟ್ ಮೇಜು

ಬಜ್ಪೆಯವರೇ, ನಿಮ್ಮದು ಬೇರೆ ಪ್ರಕರಣ. ಅಲ್ಲಿ ವಿಮಾನ ಬಾರದಿದ್ದದ್ದು, ಇಲ್ಲಿ ಪ್ರಯಾಣಿಕರು ಬಾರದಿದ್ದದ್ದು. ಕಂಪನಿಯ ಕಾರಣದಿಂದ ಮೊದಲ ವಿಮಾನ ತಪ್ಪಿದರೆ, ಒಂದೇ ಟಿಕೆಟ್ಟಿನಲ್ಲಿರುವ ಮುಂದಿನ ಪ್ರಯಾಣಕ್ಕೆ ಅವರೇ ಹೊಣೆ. ಆದರೂ ಒಂದು ಎಚ್ಚರಿಕೆ ಹೇಳುತ್ತೇನೆ: ಅಂತಹ ಗಡಿಬಿಡಿಯಲ್ಲಿ ಹೊಸ ವಿಮಾನದ ಸೀಟನ್ನು ಪಿಎನ್‌ಆರ್‌ಗೆ ಸೇರಿಸಿ, ಟಿಕೆಟ್ಟನ್ನು ಅದಕ್ಕೆ ತಕ್ಕಂತೆ ಬದಲಿಸಿ ಬರೆಯಲು ಮರೆಯುವುದುಂಟು. ಆಗ ಮೊಬೈಲಿನಲ್ಲಿ ಬುಕಿಂಗ್ ಖಚಿತ ಎಂದೇ ಕಾಣುತ್ತದೆ, ಕೌಂಟರಿನಲ್ಲಿ ಮಾತ್ರ ಟಿಕೆಟ್ ಸಿಗುವುದಿಲ್ಲ. ಪಿಎನ್‌ಆರ್ ಎಂದರೆ ಕಾದಿರಿಸಿದ ಸೀಟು, ಟಿಕೆಟ್ ಎಂದರೆ ಅದಕ್ಕೆ ಹಣ ಸಂದಿದೆ ಎಂಬ ದಾಖಲೆ; ಎರಡೂ ಜೀವಂತವಾಗಿರಬೇಕು. ಅಂತಹ ಸಂದರ್ಭದಲ್ಲಿ ಮುಂದಿನ ಕೂಪನ್‌ಗಳೆಲ್ಲ OPEN ಎಂದು ತೋರಿಸುತ್ತಿವೆಯೇ ಎಂದು ಕೇಳಿ ತಿಳಿದುಕೊಂಡೇ ಅಲ್ಲಿಂದ ಹೊರಡಿ.

ಈಗ ಮೇಷ್ಟ್ರ "ಏಕೆ" ಎಂಬ ಪ್ರಶ್ನೆಗೆ ಬರುತ್ತೇನೆ. ನಿಮ್ಮ ಬಸ್ಸಿನ ಮತ್ತು ರೈಲಿನ ಉದಾಹರಣೆಯಲ್ಲಿಯೇ ಉತ್ತರವಿದೆ. ಬಸ್ಸು, ರೈಲುಗಳಲ್ಲಿ ದರವು ದೂರವನ್ನು ಹಿಡಿದುಕೊಂಡು ಹೋಗುತ್ತದೆ. ಉಡುಪಿಯಿಂದ ಮಂಗಳೂರಿಗೆ ಕೊಡುವ ಹಣ ಮೂಲ್ಕಿಯಿಂದ ಮಂಗಳೂರಿಗೆ ಕೊಡುವುದಕ್ಕಿಂತ ಯಾವಾಗಲೂ ಹೆಚ್ಚು, ಆದ್ದರಿಂದ ಉಡುಪಿ ಟಿಕೆಟ್ ಪಡೆದು ಮೂಲ್ಕಿಯಲ್ಲಿ ಹತ್ತುವವನಿಂದ ಮಾಲೀಕನಿಗೆ ನಷ್ಟವಿಲ್ಲ. ವಿಮಾನದಲ್ಲಿ ಈ ಲೆಕ್ಕ ತಲೆಕೆಳಗಾಗುತ್ತದೆ. ಅಲ್ಲಿ ಮಂಗಳೂರು–ಮುಂಬಯಿ ದರಕ್ಕೆ ಮುಂಬಯಿ–ಫ್ರಾಂಕ್‌ಫರ್ಟ್ ದರವನ್ನು ಕೂಡಿಸಿ ಟಿಕೆಟ್ ಬರೆಯುವುದಿಲ್ಲ. ಪ್ರಯಾಣ ಎಲ್ಲಿ ಆರಂಭವಾಗುತ್ತದೆ, ಎಲ್ಲಿಗೆ ಹೋಗುತ್ತದೆ ಎಂಬ ಎರಡು ತುದಿಗಳನ್ನು ನೋಡಿ ಒಟ್ಟಿಗೆ ಒಂದು ದರ ಹಾಕುತ್ತಾರೆ.

ಮುಂಬಯಿಯವನಿಗೆ ಫ್ರಾಂಕ್‌ಫರ್ಟ್‌ಗೆ ನೇರ ವಿಮಾನವಿದೆ. ಎಲ್ಲಿಯೂ ಇಳಿದು ಹತ್ತುವ ಗೋಜಿಲ್ಲದ ಆ ಅನುಕೂಲಕ್ಕೆ ಅವನು ಹೆಚ್ಚು ಹಣ ಕೊಡಲು ಸಿದ್ಧನಿರುತ್ತಾನೆ. ನಮ್ಮ ಕರಾವಳಿಯವರು ಹೇಗೂ ಎಲ್ಲಾದರೂ ಒಂದು ಕಡೆ ವಿಮಾನ ಬದಲಿಸಲೇಬೇಕು. ಅದು ಮುಂಬಯಿಯೇ ಆಗಬೇಕೆಂದಿಲ್ಲ, ಬೆಂಗಳೂರಾದರೂ ಆದೀತು, ಗಲ್ಫ್ ಆದರೂ ಆದೀತು. ಹಾಗಾಗಿ ಮಂಗಳೂರಿನ ಗಿರಾಕಿಯನ್ನು ಸೆಳೆಯಲು ಕಂಪನಿ ದರ ಇಳಿಸಬೇಕಾಗುತ್ತದೆ. ನೀವು ಟಿಕೆಟ್ ಪಡೆದ ವಾರ ಅದೇ ವಿಮಾನಕ್ಕೆ ಮುಂಬಯಿಯಿಂದ ಹೋಗಿಬರುವ ದರ 68,400ಕ್ಕಿಂತ ಹೆಚ್ಚಿದ್ದಿರಬಹುದು. ಅಂತಹ ಪ್ರಸಂಗಗಳನ್ನು ನಾನು ಪರದೆಯ ಮೇಲೆ ಎಷ್ಟೋ ಸಲ ನೋಡಿದ್ದೇನೆ: ಎರಡು ವಿಮಾನ ಹೆಚ್ಚು ಹತ್ತುವವನಿಗೆ ಹತ್ತು ಸಾವಿರ ರೂಪಾಯಿ ಕಡಿಮೆ. ಮೊದಲ ವಿಮಾನ ಬಿಟ್ಟರೂ ಪರವಾಗಿಲ್ಲ ಎಂದು ಕಂಪನಿ ಒಪ್ಪಿದರೆ ಅಂಧೇರಿಯಲ್ಲಿ ಮನೆ ಇರುವವನೂ ಮಂಗಳೂರಿನಿಂದ ಟಿಕೆಟ್ ಮಾಡಿಸಿ, ಮಂಗಳೂರನ್ನು ಕಣ್ಣಿನಿಂದಲೂ ನೋಡದೆ, ಮುಂಬಯಿಯಲ್ಲಿ ಹತ್ತುತ್ತಾನೆ. ಆಗ ಮುಂಬಯಿಯ ದರಕ್ಕೆ ಅರ್ಥವೇ ಇರುವುದಿಲ್ಲ. ನೀವು ಆ ಉದ್ದೇಶದಿಂದ ಮಾಡಲಿಲ್ಲ ಎಂಬುದು ನನಗೆ ಗೊತ್ತು, ಆದರೆ ಉಪನಯನಕ್ಕೆ ಹೋದವರು ಯಾರು, ಲೆಕ್ಕ ಹಾಕಿ ಬಿಟ್ಟವರು ಯಾರು ಎಂದು ಯಂತ್ರಕ್ಕೆ ತಿಳಿಯುವುದಿಲ್ಲ.

ಸೀಟನ್ನು ಮತ್ತೆ ಮಾರುವ ಮಾತೂ ಪೂರ್ತಿ ಸುಳ್ಳಲ್ಲ. ಮೊದಲ ವಿಮಾನಕ್ಕೇ ಬಾರದವರು ಮುಂದಿನದಕ್ಕೆ ಬರುವ ಸಾಧ್ಯತೆ ಕಡಿಮೆ ಎಂದು ಎಣಿಸಿ ಜಾಗವನ್ನು ಬಿಡುಗಡೆ ಮಾಡುತ್ತಾರೆ. ಆದರೆ ಅದು ಎರಡನೆಯ ಕಾರಣ.

ಕಾಪು ಅಕ್ಕ

ಅಣ್ಣ, ನೀವು ಹೇಳಿದ್ದನ್ನು ಪೂರ್ತಿ ಒಪ್ಪಲು ನನಗೆ ಕಷ್ಟವಾಗುತ್ತಿದೆ. ನಮ್ಮ ಯಜಮಾನರು ದುಬೈಯಲ್ಲಿ ಕೆಲಸದಲ್ಲಿದ್ದಾರೆ. ಎರಡು ವರ್ಷದ ಹಿಂದೆ ಊರಿಗೆ ಬಂದುಹೋಗಲು ದುಬೈ–ಮಂಗಳೂರು–ದುಬೈ ಟಿಕೆಟ್ ಒಂದೇ ಪಿಎನ್‌ಆರ್‌ನಲ್ಲಿ ಮಾಡಿಸಿದ್ದರು. ರಜೆ ಎರಡು ದಿನ ಮುಂಚೆ ಸಿಕ್ಕಿತೆಂದು ಬೇರೆ ವಿಮಾನದಲ್ಲಿ ಬಂದರು, ಮೊದಲಿನದನ್ನು ಹಾಗೆಯೇ ಬಿಟ್ಟರು. ತಿಂಗಳ ಬಳಿಕ ಹಳೆಯ ಟಿಕೆಟ್ಟಿನಲ್ಲಿಯೇ ಬಜ್ಪೆಯಿಂದ ಹಿಂದಿರುಗಿದರು. ಯಾರೂ ಒಂದು ಮಾತು ಕೇಳಲಿಲ್ಲ.

ಹಂಪನಕಟ್ಟೆ ಟಿಕೆಟ್ ಮೇಜು

ಅಕ್ಕ, ಅದೂ ನಿಜವೇ. ಕಡಿಮೆ ದರದ ಕಂಪನಿಗಳಲ್ಲಿ ಹಲವು ಹೋಗುವ ದರ ಬೇರೆ, ಬರುವ ದರ ಬೇರೆ ಎಂದು ಮಾರುತ್ತವೆ. ಒಂದೇ ಪಿಎನ್‌ಆರ್‌ನಲ್ಲಿ ಇದ್ದರೂ ಅದು ಜೊತೆಗೆ ಕಟ್ಟಿಟ್ಟ ಎರಡು ಒಮ್ಮುಖ ಟಿಕೆಟ್ ಇದ್ದ ಹಾಗೆ. ಒಂದನ್ನು ಬಿಟ್ಟರೆ ಇನ್ನೊಂದರ ದರ ಅಗ್ಗವಾಗುವ ಪ್ರಶ್ನೆಯಿಲ್ಲ, ಆದ್ದರಿಂದ ರದ್ದು ಮಾಡುವ ಅಗತ್ಯವೂ ಇಲ್ಲ. ಆದರೆ ಆ ಕಂಪನಿಗಳಲ್ಲಿಯೂ ಒಂದೇ ದಿಕ್ಕಿನಲ್ಲಿ ಎರಡು ವಿಮಾನಗಳಿದ್ದರೆ, ಅಂದರೆ ಮಂಗಳೂರು–ಬೆಂಗಳೂರು–ದುಬೈ ಎಂದು ಒಟ್ಟಿಗೆ ಪಡೆದಿದ್ದರೆ, ಬೆಂಗಳೂರಿನಲ್ಲಿ ಹತ್ತುತ್ತೇನೆ ಎಂಬುದು ನಡೆಯದಿರುವ ಸಂಭವವೇ ಹೆಚ್ಚು. ಹೋಗಿಬರುವುದಕ್ಕೆ ವಿಶೇಷ ರಿಯಾಯಿತಿ ಪಡೆದಿದ್ದರೂ ಷರತ್ತು ಬೇರೆ ಇರಬಹುದು. ನಿಮ್ಮ ಯಜಮಾನರಿಗೆ ನಡೆದದ್ದು ಎಲ್ಲರಿಗೂ ನಡೆಯುತ್ತದೆ ಎಂದು ದಯವಿಟ್ಟು ಯಾರಿಗೂ ಹೇಳಬೇಡಿ. ಆ ಕಂಪನಿಯ ಷರತ್ತು ಓದಿಯೇ ತೀರ್ಮಾನಿಸಬೇಕು.

ಉಡುಪಿ ನ್ಯಾಯವಾದಿ

ಹಂಪನಕಟ್ಟೆಯವರು ಕಂಪನಿಯ ತರ್ಕವನ್ನು ಚೆನ್ನಾಗಿ ವಿವರಿಸಿದ್ದಾರೆ. ಆದರೆ ತರ್ಕ ಇದೆ ಎಂದ ಮಾತ್ರಕ್ಕೆ ಷರತ್ತು ನ್ಯಾಯವಾಗುವುದಿಲ್ಲ. ಮೇಷ್ಟ್ರು ಈಗ ಇರುವ ಜರ್ಮನಿಯಲ್ಲಿಯೇ 2010ರಲ್ಲಿ ಅಲ್ಲಿನ ಅತ್ಯುನ್ನತ ಸಿವಿಲ್ ನ್ಯಾಯಾಲಯದ ಮುಂದೆ ಲುಫ್ಥಾನ್ಸ ಮತ್ತು ಬ್ರಿಟಿಷ್ ಏರ್‌ವೇಸ್‌ಗಳ ಇಂತಹ ಷರತ್ತುಗಳು ಬಂದಿದ್ದವು. ದರದ ವ್ಯವಸ್ಥೆಯನ್ನು ಕಾಪಾಡಿಕೊಳ್ಳುವ ಹಕ್ಕು ಕಂಪನಿಗಿದೆ, ಆದರೆ ಯೋಜನೆ ಬದಲಾದ ಸಾಮಾನ್ಯ ಪ್ರಯಾಣಿಕನ ಉಳಿದ ಪ್ರಯಾಣವನ್ನು ಪೂರ್ತಿ ಕಿತ್ತುಕೊಳ್ಳುವುದು ಅತಿಯಾಯಿತು, ದರದಲ್ಲಿ ವ್ಯತ್ಯಾಸವಿದ್ದರೆ ಅದನ್ನು ಕೇಳಲಿ ಎಂಬ ನಿಲುವನ್ನು ತಾಳಿ ಆ ಷರತ್ತುಗಳನ್ನು ಹಾಗೆಯೇ ಒಪ್ಪಲು ನ್ಯಾಯಾಲಯ ನಿರಾಕರಿಸಿತು. ನಾನು ಕೇಳುವುದೂ ಅದನ್ನೇ. ಮುಂಬಯಿ ದರ ಹೆಚ್ಚಿದ್ದರೆ ಹೆಚ್ಚಿನ ಹತ್ತು ಸಾವಿರವನ್ನು ಕೌಂಟರಿನಲ್ಲಿ ವಸೂಲಿ ಮಾಡಲಿ. ಅರವತ್ತೆಂಟು ಸಾವಿರವನ್ನು ಏಕೆ ನುಂಗಬೇಕು?

ನಮ್ಮಲ್ಲಿ 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯು ಅನ್ಯಾಯದ ಕರಾರು ಎಂಬ ಹೊಸ ಆಧಾರವನ್ನು ಕೊಟ್ಟಿದೆ. ಕರಾರೇ ಅನ್ಯಾಯದ್ದು ಎಂಬ ದೂರನ್ನು ಜಿಲ್ಲಾ ಆಯೋಗದಲ್ಲಿ ಅಲ್ಲ, ರಾಜ್ಯ ಆಯೋಗದಲ್ಲಿ ಹೂಡಬೇಕು. ಸೇವಾ ನ್ಯೂನತೆಯ ದೂರಾದರೆ ಮೇಷ್ಟ್ರು ತಾವು ವಾಸಿಸುವ ಉಡುಪಿ ಜಿಲ್ಲೆಯಲ್ಲಿಯೇ ಸಲ್ಲಿಸಬಹುದು. ಗೆಲ್ಲುವಿರಿ ಎಂದು ನಾನು ಹೇಳುವುದಿಲ್ಲ.

ಹಂಪನಕಟ್ಟೆ ಟಿಕೆಟ್ ಮೇಜು

ವಕೀಲರೇ, ನಿಮ್ಮ ಮಾತಿನಲ್ಲಿ ನ್ಯಾಯವಿದೆ, ಆದರೂ ಒಂದು ತೊಡಕಿದೆ. ವ್ಯತ್ಯಾಸವನ್ನು ಯಾವ ದಿನದ ದರದಿಂದ ಲೆಕ್ಕ ಹಾಕುವುದು? ಟಿಕೆಟ್ ಪಡೆದ ದಿನದ ಮುಂಬಯಿ ದರವನ್ನು ಹಿಡಿದರೆ ಹತ್ತು ಸಾವಿರ, ಪ್ರಯಾಣದ ಹಿಂದಿನ ದಿನದ ದರವನ್ನು ಹಿಡಿದರೆ ಅದು ಮೂವತ್ತು ಸಾವಿರವೂ ಆದೀತು. ನಮ್ಮಲ್ಲಿ ಸಾಮಾನ್ಯವಾಗಿ ಎರಡನೆಯದನ್ನೇ ಹಿಡಿಯುತ್ತಾರೆ.

ಮೇಷ್ಟ್ರು ಉಪನಯನದ ದಿನಾಂಕ ತಿಳಿದ ಕೂಡಲೇ ಟಿಕೆಟ್ ಮಾಡಿಸಿದ ಏಜೆಂಟರಿಗೆ ಫೋನ್ ಮಾಡಿ, ಮಂಗಳೂರು–ಮುಂಬಯಿ ತುಣುಕನ್ನು ತೆಗೆದು ಟಿಕೆಟ್ಟನ್ನು ಹೊಸದಾಗಿ ಬರೆಯಲು ಎಷ್ಟಾಗುತ್ತದೆ ಎಂದು ಕೇಳಬೇಕಿತ್ತು. ಮುಂಬಯಿಯಿಂದ ಆರಂಭವಾಗುವ ಹೊಸ ದರ, ಹಳೆಯದಕ್ಕೂ ಅದಕ್ಕೂ ಇರುವ ವ್ಯತ್ಯಾಸ, ಜೊತೆಗೆ ಬದಲಾವಣೆಯ ಶುಲ್ಕ, ಇಷ್ಟನ್ನು ಕೂಡಿಸಿ ಹೇಳುತ್ತಿದ್ದರು. ಕಡಿಮೆ ಪ್ರಯಾಣಕ್ಕೆ ಹೆಚ್ಚು ಹಣವೇ ಎಂದು ಆಗ ನೀವು ಸಿಟ್ಟಾಗುತ್ತಿದ್ದಿರಿ, ಬೇಡವೆಂದರೆ ಉಪನಯನ ಮುಗಿಸಿ ಮುಂಬಯಿಯಿಂದ ಮಂಗಳೂರಿಗೆ ಹಿಂದಿರುಗಿ ಅಲ್ಲಿಂದಲೇ ಹೊರಡುವುದು ಅಗ್ಗವಾಗುತ್ತಿತ್ತು. ಕೇಳಲು ಹುಚ್ಚುತನವೆನಿಸುತ್ತದೆ, ಆದರೆ ಹಾಗೆ ಮಾಡಿದ ಗಿರಾಕಿಗಳು ನನಗಿದ್ದರು. ಏನೇ ಆದರೂ ಮೊದಲ ವಿಮಾನ ಹೊರಡುವ ಮುನ್ನ ತಿಳಿಸಬೇಕು. ಹೊರಟ ಮೇಲೆ ಬದಲಾವಣೆಯ ಶುಲ್ಕದ ಜಾಗದಲ್ಲಿ ನೋ-ಶೋ ಶುಲ್ಕ ಬರುತ್ತದೆ, ಅಗ್ಗದ ದರಗಳಲ್ಲಿ ಟಿಕೆಟ್ಟಿಗೆ ಬೆಲೆಯೇ ಉಳಿಯುವುದಿಲ್ಲ.

ವಾಪಸು ಪ್ರಯಾಣದ ವಿಷಯ. ನಿಮ್ಮ ದರದ ನಿಯಮದಲ್ಲಿ ನೋ-ಶೋ ಬಳಿಕ ಬದಲಾವಣೆಗೆ ಅವಕಾಶವಿದೆಯೇ ಎಂದು ಏಜೆಂಟರಿಂದ ಬರಹದಲ್ಲಿ ಕೇಳಿ. ಇಲ್ಲವೆಂದರೂ ಸರಕಾರಿ ತೆರಿಗೆ ಮತ್ತು ವಿಮಾನ ನಿಲ್ದಾಣದ ಬಳಕೆದಾರ ಶುಲ್ಕಗಳನ್ನು ಬಿಟ್ಟುಕೊಡಬೇಡಿ. ಪ್ರಯಾಣಿಕರು ಬಾರದಿದ್ದರೂ ಅವನ್ನು ಹಿಂದಿರುಗಿಸಬೇಕೆಂದು ವಿಮಾನ ಕಂಪನಿಗಳ ಮೇಲೆ ನಿಗಾ ಇಡುವ ಸರಕಾರಿ ಸಂಸ್ಥೆಯಾದ ಡಿಜಿಸಿಎಯ ನಿಯಮವಿದೆ. ಟಿಕೆಟ್ಟಿನಲ್ಲಿ ತೆರಿಗೆಗಳ ಸಾಲಿನಲ್ಲಿಯೇ YQ ಅಥವಾ YR ಎಂದು ಒಂದು ದೊಡ್ಡ ಮೊತ್ತ ಕಾಣುತ್ತದೆ. ಅದು ತೆರಿಗೆಯಲ್ಲ, ಕಂಪನಿಯೇ ಹಾಕುವ ಇಂಧನದಂತಹ ಹೆಚ್ಚುವರಿ ಶುಲ್ಕ. ಅದು ಸಿಗುತ್ತದೆಂದು ಎಣಿಸಬೇಡಿ.

ಸುರತ್ಕಲ್ ಹುಡುಗ

ವೆಬ್ ಚೆಕ್-ಇನ್ ವಿಷಯದಲ್ಲಿ ನಾನು ಹೇಳಿದ್ದು ತಪ್ಪು, ಒಪ್ಪಿದೆ. ಹಾಗಾದರೆ ಎರಡು ಪ್ರತ್ಯೇಕ ಟಿಕೆಟ್ ಮಾಡಿಸುವುದೇ ಒಳ್ಳೆಯದಲ್ಲವೇ, ಮಂಗಳೂರು–ಮುಂಬಯಿ ಒಂದು, ಮುಂಬಯಿ–ಫ್ರಾಂಕ್‌ಫರ್ಟ್ ಇನ್ನೊಂದು? ಮತ್ತೆ ವಾಪಸು ಬರುವಾಗ ಮುಂಬಯಿಯಲ್ಲಿ ಇಳಿದು ಕೊನೆಯ ವಿಮಾನ ಬಿಟ್ಟರೆ ಏನಾಗುತ್ತದೆ?

ಹಂಪನಕಟ್ಟೆ ಟಿಕೆಟ್ ಮೇಜು

ಪ್ರತ್ಯೇಕ ಟಿಕೆಟ್ಟಿನಲ್ಲಿ ಸ್ವಾತಂತ್ರ್ಯವಿದೆ, ರಕ್ಷಣೆಯಿಲ್ಲ. ಬಜ್ಪೆಯವರು ಹೇಳಿದ ಮಂಜಿನ ದಿನವನ್ನೇ ನೆನಪಿಸಿಕೊಳ್ಳಿ. ಅವರದು ಎರಡು ಟಿಕೆಟ್ ಆಗಿದ್ದರೆ ಮುಂಬಯಿಯ ಕಂಪನಿಯು ನೀವು ಏಕೆ ಬರಲಿಲ್ಲ ಎಂದು ಕೇಳುತ್ತಲೂ ಇರಲಿಲ್ಲ. ಆಷಾಢದಲ್ಲಿ ಹೊರಡುವವರಿಗೆ ನಾನು ಆ ಸಲಹೆ ಕೊಡುವುದಿಲ್ಲ. ಕೊನೆಯ ವಿಮಾನವನ್ನು ಬಿಟ್ಟರೆ ಅದರ ಮುಂದೆ ರದ್ದಾಗಲು ಏನೂ ಉಳಿದಿರುವುದಿಲ್ಲ, ಅಷ್ಟೇ. ಬೇಕೆಂದೇ ಹಾಗೆ ಮಾಡುವುದನ್ನು ಹಲವು ಕಂಪನಿಗಳ ಷರತ್ತು ಒಪ್ಪುವುದಿಲ್ಲ.

ಕುಂದಾಪುರದ ನಿವೃತ್ತ ಮೇಷ್ಟ್ರು

ಹನ್ನೆರಡು ದಿನಗಳ ಬಳಿಕ ಬರೆಯುತ್ತಿದ್ದೇನೆ. ಏಜೆಂಟರು ದರದ ನಿಯಮದ ಪುಟವನ್ನು ಕಳುಹಿಸಿದರು. ನಮ್ಮದು ಅತ್ಯಂತ ಅಗ್ಗದ ದರವಂತೆ. ನೋ-ಶೋ ಬಳಿಕ ಬದಲಾವಣೆಯೂ ಇಲ್ಲ, ಮೂಲ ದರದಲ್ಲಿ ಮರುಪಾವತಿಯೂ ಇಲ್ಲ ಎಂದು ಒಂದೇ ಸಾಲಿನಲ್ಲಿತ್ತು. 68,400ರಲ್ಲಿ ಮೂಲ ದರ 44,000, YQ ಎಂದು 13,400, ಉಳಿದ 11,000 ತೆರಿಗೆ ಮತ್ತು ನಿಲ್ದಾಣದ ಶುಲ್ಕ. ಏಜೆಂಟರು ಮೊದಲು ಏನೂ ಬರುವುದಿಲ್ಲ ಎಂದಿದ್ದರು. ಡಿಜಿಸಿಎ ನಿಯಮವನ್ನು ನೆನಪಿಸಿ ಬರೆದ ಮೇಲೆ ಇಬ್ಬರದೂ ಸೇರಿ 22,000 ರೂಪಾಯಿಗೆ ಅರ್ಜಿ ಹಾಕಿದ್ದಾರೆ, ಹಣ ಇನ್ನೂ ಬಂದಿಲ್ಲ.

ವಾಪಸು ಬರಲು ಫ್ರಾಂಕ್‌ಫರ್ಟ್–ಬೆಂಗಳೂರು ನೇರ ವಿಮಾನಕ್ಕೆ ಬೇರೆ ಟಿಕೆಟ್ ಮಾಡಿಸಿದ್ದೇವೆ, ಅಲ್ಲಿಂದ ಪಂಚಗಂಗಾ ರೈಲಿನಲ್ಲಿ ಕುಂದಾಪುರಕ್ಕೆ. ವಕೀಲರು ಹೇಳಿದ ದೂರಿನ ವಿಷಯವನ್ನು ಊರಿಗೆ ಬಂದ ಮೇಲೆ ಅವರ ಕಚೇರಿಗೇ ಬಂದು ಮಾತನಾಡುತ್ತೇನೆ. ಹಂಪನಕಟ್ಟೆಯವರ ವಿವರಣೆ ನನಗೆ ಅರ್ಥವಾಯಿತು, ಆದರೆ ಹೊಟ್ಟೆಗೆ ಇಳಿಯಲಿಲ್ಲ.

ಉಡುಪಿ ನ್ಯಾಯವಾದಿ

ಬರುವಾಗ ಹಳೆಯ ಟಿಕೆಟ್ಟಿನ ಪ್ರತಿ, ಮುಂಬಯಿಯಲ್ಲಿ ಪಡೆದ ಹೊಸ ಟಿಕೆಟ್, ಏಜೆಂಟರ ಪತ್ರ ಮೂರನ್ನೂ ತನ್ನಿ ಸರ್. ಹಣ ಕೊಡುವ ಮುನ್ನ ಈ ಷರತ್ತನ್ನು ನಿಮಗೆ ತೋರಿಸಲಾಗಿತ್ತೇ ಎಂಬುದನ್ನು ಅಲ್ಲಿಂದಲೇ ನೋಡಬೇಕಾಗುತ್ತದೆ.